ಎಫ್‌ಐಆರ್ ರದ್ದತಿ: ದೂರು ಸುಳ್ಳಾದಾಗ, ರಾಜಿಯಾದಾಗ ಹೈಕೋರ್ಟ್ ಏನು ಮಾಡಬಲ್ಲದು? ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್‌ಐಆರ್ ರದ್ದತಿಯ ಅರ್ಜಿಗಳು ಎಲ್ಲ ಬಗೆಯ ಪ್ರಕರಣಗಳಲ್ಲೂ ಬರುತ್ತವೆ. ಆದರೆ ‘ದೂರು ಸುಳ್ಳು’ ಮತ್ತು ‘ರಾಜಿಯಾಗಿದೆ’ ಎಂಬ ಎರಡೂ ಮಾತು ಒಂದೇ ಪ್ರಕರಣದಲ್ಲಿ ಕೇಳಿಬರುವುದು ಹೆಚ್ಚಾಗಿ ವೈವಾಹಿಕ ಕಿರುಕುಳದ ದೂರುಗಳಲ್ಲಿ. ಹಳೆಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಹಾಗಾಗಿ ಇಲ್ಲಿನ ಉತ್ತರಗಳು ಬಹುಪಾಲು ಆ ಪ್ರಕರಣಗಳ ಸುತ್ತಲೇ ಇವೆ.

ಎಫ್‌ಐಆರ್ ರದ್ದು ಮಾಡುವ ಅಧಿಕಾರ ಯಾರಿಗಿದೆ?

ಹೈಕೋರ್ಟಿಗೆ. ಠಾಣೆಯ ಇನ್‌ಸ್ಪೆಕ್ಟರ್‌ಗೂ ಇಲ್ಲ, ಮ್ಯಾಜಿಸ್ಟ್ರೇಟ್‌ಗೂ ಇಲ್ಲ, ಜಿಲ್ಲಾ ನ್ಯಾಯಾಧೀಶರಿಗೂ ಇಲ್ಲ. ಪೊಲೀಸರು ತನಿಖೆ ಮುಗಿಸಿ, ಸಾಕ್ಷ್ಯವಿಲ್ಲವೆಂದು ‘ಬಿ’ ರಿಪೋರ್ಟ್ ಹಾಕಬಹುದು. ಚಾರ್ಜ್‌ಶೀಟ್ ಬಂದ ಮೇಲೆ ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಕೈಬಿಡಬಹುದು. ಅವೆರಡೂ ಬೇರೆ ದಾರಿಗಳು. ಪ್ರಕರಣವನ್ನು ಬುಡದಲ್ಲೇ ಕಿತ್ತುಹಾಕುವ ಅಂತರ್ಗತ ಅಧಿಕಾರ ಹೈಕೋರ್ಟಿನದು.

ಆ ಅಧಿಕಾರ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 528ನೇ ಸೆಕ್ಷನ್. ತಮಾಷೆಯೆಂದರೆ ಹೊಸ ಸಂಹಿತೆಯಲ್ಲೂ 482 ಇದೆ, ಆದರೆ ಅದು ನಿರೀಕ್ಷಣಾ ಜಾಮೀನಿನ ಸೆಕ್ಷನ್. ‘482 ಹಾಕಿದ್ದೇವೆ’ ಎಂದು ಯಾರಾದರೂ ಹೇಳಿದರೆ ಯಾವ ಸಂಹಿತೆಯದು ಎಂದು ಕೇಳಿಕೊಳ್ಳಿ. ಒಂದರಲ್ಲಿ ಪ್ರಕರಣವೇ ಹೋಗುತ್ತದೆ, ಇನ್ನೊಂದರಲ್ಲಿ ಬಂಧನದ ಭಯ ಮಾತ್ರ ಹೋಗುತ್ತದೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯ ಮೂಲಕವೂ ರದ್ದತಿ ಕೇಳಬಹುದು.

ಕರ್ನಾಟಕದಲ್ಲಿ ಠಾಣೆ ಯಾವ ಜಿಲ್ಲೆಯಲ್ಲಿದೆ ಎಂಬುದರ ಮೇಲೆ ಅರ್ಜಿ ಬೆಂಗಳೂರಿನ ಪ್ರಧಾನ ಪೀಠಕ್ಕೆ, ಧಾರವಾಡ ಪೀಠಕ್ಕೆ ಅಥವಾ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಮೊದಲ ಪ್ರತಿವಾದಿ ಸಂಬಂಧಪಟ್ಟ ಠಾಣೆಯ ಮೂಲಕ ರಾಜ್ಯ ಸರ್ಕಾರ, ಎರಡನೆಯವರು ದೂರುದಾರರು.

ದೂರು ಪೂರ್ತಿ ಸುಳ್ಳು. ಅದನ್ನು ಹೈಕೋರ್ಟಿನಲ್ಲಿ ಸಾಬೀತು ಮಾಡಿದರೆ ಸಾಕಲ್ಲವೇ?

ಹೆಚ್ಚಿನವರು ಎಡವುವುದು ಇಲ್ಲಿಯೇ. ರದ್ದತಿ ಅರ್ಜಿಯಲ್ಲಿ ಹೈಕೋರ್ಟ್ ಸಾಕ್ಷಿಗಳನ್ನು ವಿಚಾರಿಸುವುದಿಲ್ಲ, ಪಾಟೀಸವಾಲು ನಡೆಯುವುದಿಲ್ಲ, ಯಾರು ಸತ್ಯ ಹೇಳುತ್ತಿದ್ದಾರೆಂದು ತೂಗಿ ನೋಡುವುದಿಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ: ದೂರಿನಲ್ಲಿ ಬರೆದಿರುವುದೆಲ್ಲ ನಿಜವೆಂದೇ ಇಟ್ಟುಕೊಂಡರೂ ಈ ಆರೋಪಿಯ ಮೇಲೆ ಅಪರಾಧ ನಿಲ್ಲುತ್ತದೆಯೇ?

‘ನಾನು ಹೊಡೆದಿಲ್ಲ, ಆಕೆ ಸುಳ್ಳು ಹೇಳುತ್ತಿದ್ದಾಳೆ’ ಎಂಬುದು ವಿಚಾರಣಾ ನ್ಯಾಯಾಲಯದಲ್ಲಿ ಹೇಳಬೇಕಾದ ವಾದ. ‘ನಾನು ಏನು ಮಾಡಿದೆ, ಯಾವಾಗ ಮಾಡಿದೆ ಎಂದು ದೂರಿನಲ್ಲಿ ಒಂದು ಸಾಲೂ ಇಲ್ಲ’ ಎಂಬುದು ಹೈಕೋರ್ಟಿನಲ್ಲಿ ಹೇಳಬೇಕಾದ ವಾದ. ಕಕ್ಷಿದಾರರಿಗೆ ಮೊದಲನೆಯದರ ಮೇಲೇ ಪ್ರೀತಿ ಹೆಚ್ಚು, ಏಕೆಂದರೆ ನೋವಿರುವುದು ಅಲ್ಲಿ. ಆದರೆ ಅರ್ಜಿ ಗೆಲ್ಲುವುದು ಎರಡನೆಯದರಿಂದ.

ಈ ಚೌಕಟ್ಟು ಬಂದದ್ದು ಹರಿಯಾಣದ ಮಾಜಿ ಮುಖ್ಯಮಂತ್ರಿ ಭಜನ್ ಲಾಲ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪಿನಿಂದ. ರದ್ದತಿಗೆ ಯೋಗ್ಯವಾದ ಏಳು ಸನ್ನಿವೇಶಗಳನ್ನು ನ್ಯಾಯಾಲಯ ಅಲ್ಲಿ ಉದಾಹರಣೆಯಾಗಿ ಕೊಟ್ಟಿತು. ವೈವಾಹಿಕ ಪ್ರಕರಣಗಳಲ್ಲಿ ಮುಖ್ಯವಾಗಿ ಕೆಲಸಕ್ಕೆ ಬರುವುದು ಮೂರು: ಆರೋಪಗಳನ್ನು ಒಪ್ಪಿಕೊಂಡರೂ ಅಪರಾಧವಾಗದಿರುವುದು, ಆರೋಪಗಳು ಎಷ್ಟು ಅಸಂಬದ್ಧ, ಅಸಂಭವವೆಂದರೆ ವಿವೇಕವಿರುವ ಯಾರೂ ನಂಬಲಾರದಿರುವುದು, ಹಗೆ ತೀರಿಸಿಕೊಳ್ಳಲೆಂದೇ ಪ್ರಕರಣ ಹೂಡಿರುವುದು ಎದ್ದು ಕಾಣುವುದು. ಈ ಅಧಿಕಾರವನ್ನು ಅಪರೂಪದಲ್ಲಿ ಅಪರೂಪವಾಗಿ ಬಳಸಬೇಕೆಂದೂ ಅದೇ ತೀರ್ಪು ಹೇಳಿದೆ. ಅಂದಹಾಗೆ, ರದ್ದತಿ ಕೋರುವ ಬಹುತೇಕ ಅರ್ಜಿಗಳಲ್ಲಿ ಉಲ್ಲೇಖವಾಗುವ ಆ ಪ್ರಕರಣದಲ್ಲಿ ಹೈಕೋರ್ಟ್ ರದ್ದುಪಡಿಸಿದ್ದ ಎಫ್‌ಐಆರ್ ಅನ್ನು ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತ್ತು. ತನಿಖಾಧಿಕಾರಿಗೆ ಸರಿಯಾದ ಅಧಿಕಾರವಿರಲಿಲ್ಲವೆಂದು ತನಿಖೆಯನ್ನು ಮಾತ್ರ ರದ್ದು ಮಾಡಿತ್ತು.

ಒಂದು ಉದಾಹರಣೆ ಕೊಡಿ. ನ್ಯಾಯಾಲಯ ದೂರನ್ನು ಹೇಗೆ ಓದುತ್ತದೆ?

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ತುಮಕೂರಿನ ಹುಡುಗ, ಶಿವಮೊಗ್ಗದ ಹುಡುಗಿ. ಮದುವೆಯಾದ ಮೂರು ವರ್ಷಕ್ಕೆ ಹೆಂಡತಿ ತವರಿಗೆ ಬಂದು, 2022ರ ಆಗಸ್ಟ್‌ನಲ್ಲಿ ಅಲ್ಲಿನ ಮಹಿಳಾ ಠಾಣೆಯಲ್ಲಿ ದೂರು ಕೊಡುತ್ತಾಳೆ. 498ಎ ಜೊತೆಗೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ ಸೇರುತ್ತವೆ. ಆರೋಪಿಗಳು ನಾಲ್ವರು: ಗಂಡ, ಅತ್ತೆ, ಮದುವೆಯಾಗಿ ಬೆಳಗಾವಿಯಲ್ಲಿರುವ ನಾದಿನಿ, ಆಕೆಯ ಗಂಡ.

ಗಂಡನ ಬಗ್ಗೆ ದೂರಿನಲ್ಲಿ ಹೀಗಿದೆ: ನಿವೇಶನ ಕೊಳ್ಳಲು ತವರಿನಿಂದ ಐದು ಲಕ್ಷ ತರಬೇಕೆಂದು ಯುಗಾದಿಯ ಮರುದಿನ ರಾತ್ರಿ ಬೆಲ್ಟಿನಿಂದ ಹೊಡೆದನು, ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದೆ. ಅತ್ತೆಯ ಬಗ್ಗೆ: ಅದೇ ರಾತ್ರಿ ನನ್ನನ್ನು ಅಡುಗೆಮನೆಯಲ್ಲಿ ಕೂಡಿ ಹಾಕಿ, ಹಣ ತರದಿದ್ದರೆ ಹೊಸ್ತಿಲು ತುಳಿಯಬೇಡ ಎಂದಳು. ನಾದಿನಿ ದಂಪತಿಯ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: ‘ಇವರೂ ಸಹ ಫೋನಿನಲ್ಲಿ ಚುಚ್ಚಿ ಮಾತನಾಡಿ ಕಿರುಕುಳಕ್ಕೆ ಕುಮ್ಮಕ್ಕು ನೀಡಿರುತ್ತಾರೆ.’

ನಾಲ್ವರೂ ‘ದೂರು ಸುಳ್ಳು’ ಎಂದೇ ಹೇಳುತ್ತಾರೆ. ಆದರೆ ನಾಲ್ವರ ಸ್ಥಿತಿ ಒಂದೇ ಅಲ್ಲ. ಗಂಡನ ವಿರುದ್ಧ ದಿನ, ಸ್ಥಳ, ಬೇಡಿಕೆ, ಗಾಯ, ಆಸ್ಪತ್ರೆ ಎಲ್ಲವೂ ಇವೆ. ಅವನು ಹೊಡೆದನೋ ಇಲ್ಲವೋ ಎಂಬುದು ಸಾಕ್ಷ್ಯದ ವಿಷಯ. ಅವನ ಅರ್ಜಿ ವಜಾ ಆಗುವ ಸಂಭವವೇ ಹೆಚ್ಚು. ಅತ್ತೆಯ ಮೇಲೂ ನಿರ್ದಿಷ್ಟ ಕೃತ್ಯವಿದೆ, ಅವರೂ ತಪ್ಪಿಸಿಕೊಳ್ಳುವುದು ಕಷ್ಟ. ನಾದಿನಿ ದಂಪತಿಯ ಮೇಲಿನ ಆ ಸಾಲನ್ನು ಅಕ್ಷರಶಃ ನಂಬಿದರೂ ಯಾವ ದಿನ ಏನು ಹೇಳಿದರು, ಏನು ಬೇಡಿದರು ಎಂಬುದು ತಿಳಿಯುವುದಿಲ್ಲ. ಒಂದೇ ಮನೆಯಲ್ಲಿ ವಾಸವೂ ಇಲ್ಲ. ಅವರ ಮಟ್ಟಿಗೆ ಎಫ್‌ಐಆರ್ ರದ್ದಾಗುವ ಅವಕಾಶ ಚೆನ್ನಾಗಿದೆ. ಗಂಡನ ಸಂಬಂಧಿಕರನ್ನೆಲ್ಲ ಸಾರಾಸಗಟಾಗಿ ಎಳೆದು ತರುವ ಇಂಥ ಆರೋಪಗಳ ಮೇಲೆ ಅವರನ್ನು ವಿಚಾರಣೆಗೆ ಒಡ್ಡಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬಿಹಾರದಿಂದ ಬಂದ ಪ್ರಕರಣದಲ್ಲೂ, 2024ರ ಡಿಸೆಂಬರ್‌ನಲ್ಲಿ ತೆಲಂಗಾಣದಿಂದ ಬಂದ ಪ್ರಕರಣದಲ್ಲೂ ಸ್ಪಷ್ಟವಾಗಿ ಹೇಳಿದೆ.

ನಾದಿನಿ ದೂರದ ಊರಿನಲ್ಲಿರುವುದೊಂದೇ ಕಾರಣ ಸಾಲದು ಎಂಬುದನ್ನೂ ಗಮನಿಸಿ. ಅದೇ ದೂರಿನಲ್ಲಿ ‘ಯುಗಾದಿಗೆ ತವರಿಗೆ ಬಂದಿದ್ದ ನಾದಿನಿ ನನ್ನ ಕೂದಲು ಹಿಡಿದೆಳೆದಳು’ ಎಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಹಾಗಾದರೆ ನಾಲ್ವರೂ ಸೇರಿ ಒಂದೇ ಅರ್ಜಿ ಹಾಕಬಹುದೇ?

ಹಾಕಬಹುದು, ಬಹಳ ಜನ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಜಾಣತನವಲ್ಲ. ಗಂಡನ ವಿರುದ್ಧದ ಆರೋಪಗಳ ಸುತ್ತಲೇ ವಾದ ಸುತ್ತಿ, ನಾದಿನಿಯ ಬಲವಾದ ಅಂಶ ಮರೆಗೆ ಸರಿಯುತ್ತದೆ. ಬೇರೆ ಅರ್ಜಿ ಹಾಕಿ. ಒಂದೇ ಹಾಕುವುದಾದರೆ ಪ್ರತಿಯೊಬ್ಬರ ವಿರುದ್ಧ ದೂರಿನಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಬೇರೆಬೇರೆಯಾಗಿ ಬರೆಸಿ. ಕೆಲವರ ಮಟ್ಟಿಗೆ ರದ್ದು ಮಾಡಿ ಉಳಿದವರ ವಿರುದ್ಧ ಪ್ರಕರಣ ಮುಂದುವರಿಸಲು ಹೈಕೋರ್ಟಿಗೆ ಯಾವ ಅಡ್ಡಿಯೂ ಇಲ್ಲ.

ನನ್ನ ಬಳಿ ವಾಟ್ಸಾಪ್ ಸಂದೇಶಗಳಿವೆ, ಕರೆಗಳ ಧ್ವನಿಮುದ್ರಿಕೆ ಇದೆ. ಅವುಗಳನ್ನು ಹೈಕೋರ್ಟ್ ನೋಡುವುದಿಲ್ಲವೇ?

ಸಾಮಾನ್ಯವಾಗಿ ಆರೋಪಿಯ ದಾಖಲೆಗಳಿಗೆ ಈ ಹಂತದಲ್ಲಿ ಜಾಗವಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2013ರಲ್ಲಿ ರಾಜೀವ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು. ದಾಖಲೆ ಕಳಂಕವಿಲ್ಲದ, ಸಂಶಯಕ್ಕೆ ಎಡೆಯಿಲ್ಲದ ಗುಣಮಟ್ಟದ್ದಾಗಿರಬೇಕು; ಅದು ಆರೋಪವನ್ನು ಬುಡಸಹಿತ ಅಲ್ಲಗಳೆಯುವಂತಿರಬೇಕು; ಎದುರು ಪಕ್ಷ ಅದನ್ನು ನಿರಾಕರಿಸಿರಬಾರದು, ನ್ಯಾಯವಾಗಿ ನಿರಾಕರಿಸಲು ಸಾಧ್ಯವೂ ಇರಬಾರದು; ಹೀಗಿದ್ದೂ ವಿಚಾರಣೆ ಮುಂದುವರಿದರೆ ಅದು ನ್ಯಾಯಾಲಯದ ಪ್ರಕ್ರಿಯೆಯ ದುರುಪಯೋಗವೆನಿಸಬೇಕು.

ಆರೋಪದ ದಿನ ಆರೋಪಿ ದುಬೈನಲ್ಲಿದ್ದನೆಂದು ಪಾಸ್‌ಪೋರ್ಟಿನ ವಲಸೆ ಮುದ್ರೆ ತೋರಿಸಿದರೆ ಅದು ಈ ಅಳತೆಗೆ ಹೊಂದಬಹುದು. ‘ಆಕೆ ಆ ದಿನ ಪ್ರೀತಿಯ ಸಂದೇಶ ಕಳಿಸಿದ್ದಳು, ಕಿರುಕುಳವಿದ್ದರೆ ಹೀಗೆ ಬರೆಯುತ್ತಿದ್ದಳೇ’ ಎಂಬುದು ಹೊಂದುವುದಿಲ್ಲ. ಅದು ಪಾಟೀಸವಾಲಿಗೆ ಒಳ್ಳೆಯ ಸರಕು, ಅಲ್ಲಿಗೆ ಇಟ್ಟುಕೊಳ್ಳಿ. ಸಂದೇಶಗಳ ನೂರಾರು ಪುಟಗಳನ್ನು ರದ್ದತಿ ಅರ್ಜಿಗೆ ಲಗತ್ತಿಸಿದರೆ ‘ಇದು ವಿಚಾರಣೆಯ ವಿಷಯ’ ಎಂದು ಹೇಳಲು ಸರ್ಕಾರಿ ವಕೀಲರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಇನ್ನೊಂದು ಕಡೆ, ದೂರನ್ನು ವಕೀಲರ ಸಹಾಯದಿಂದ ಜಾಣತನದಿಂದ ಬರೆಸಿದ್ದರೆ ಅಪರಾಧದ ಎಲ್ಲ ಅಂಶಗಳೂ ಅದರಲ್ಲಿ ಇದ್ದೇ ಇರುತ್ತವೆ. ಅದಕ್ಕೇ ದ್ವೇಷದ ಪ್ರಕರಣವೆಂಬ ಆಪಾದನೆ ಇದ್ದಾಗ ದೂರಿನ ಸಾಲುಗಳ ನಡುವೆಯೂ ಓದಬೇಕು, ಹಿನ್ನೆಲೆಯ ಸಂಗತಿಗಳನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಗಂಡ ವಿಚ್ಛೇದನದ ಅರ್ಜಿ ಹಾಕಿ ನೋಟಿಸ್ ತಲುಪಿದ ಮೇಲಷ್ಟೇ, ಎರಡು ವರ್ಷ ಹಳೆಯ ಘಟನೆಗಳ ಬಗ್ಗೆ ದೂರು ಬಂದಿದೆಯೆಂದರೆ ಆ ದಿನಾಂಕಗಳನ್ನು ಅರ್ಜಿಯಲ್ಲಿ ಎದ್ದು ಕಾಣುವಂತೆ ಇಡಬೇಕು. ಹಾಗೆಂದು ತಡವಾದದ್ದೊಂದೇ ದೂರನ್ನು ಸುಳ್ಳಾಗಿಸುವುದಿಲ್ಲ. ಸಂಸಾರ ಉಳಿಯಲಿ ಎಂದು ವರ್ಷಗಟ್ಟಲೆ ಬಾಯಿಮುಚ್ಚಿಕೊಂಡಿದ್ದವರೂ ಇರುತ್ತಾರೆ ಎಂಬುದು ನ್ಯಾಯಮೂರ್ತಿಗಳಿಗೆ ಗೊತ್ತು.

ಅರ್ಜಿ ಹಾಕಿದ ಕೂಡಲೇ ತನಿಖೆ ನಿಲ್ಲುತ್ತದೆಯೇ? ಚಾರ್ಜ್‌ಶೀಟ್ ಬಂದುಬಿಟ್ಟರೆ?

ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯಾಗಿ ಕೇಳಬೇಕು, ನ್ಯಾಯಾಲಯ ಅದಕ್ಕೆ ಕಾರಣ ಬರೆಯಬೇಕು. ‘ಬಲವಂತದ ಕ್ರಮ ಬೇಡ’ ಎಂಬ ಒಂದು ಸಾಲಿನ ಆದೇಶವನ್ನು ವಾಡಿಕೆಯಂತೆ ಕೊಡಬಾರದೆಂದು 2021ರ ಏಪ್ರಿಲ್‌ನಲ್ಲಿ ನೀಹಾರಿಕಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಬಂಧನದ ಭಯವಿದ್ದರೆ ನಿರೀಕ್ಷಣಾ ಜಾಮೀನಿನ ದಾರಿಯನ್ನು ಬೇರೆಯಾಗಿ ನೋಡಿಕೊಳ್ಳಬೇಕು. ರದ್ದತಿ ಅರ್ಜಿಯನ್ನೇ ನಂಬಿ ಕೂರಬೇಡಿ. ನಡುವೆ ಚಾರ್ಜ್‌ಶೀಟ್ ಸಲ್ಲಿಕೆಯಾದರೂ ಅರ್ಜಿ ಸಾಯುವುದಿಲ್ಲ. ಇದು 2018ರಲ್ಲೇ ಇತ್ಯರ್ಥವಾಗಿದೆ. ಆದರೆ ಆಗ ಚಾರ್ಜ್‌ಶೀಟನ್ನೂ ಪ್ರಶ್ನಿಸುವಂತೆ ಅರ್ಜಿಗೆ ತಿದ್ದುಪಡಿ ಬೇಕಾಗುತ್ತದೆ, ನ್ಯಾಯಾಲಯ ದೂರಿನ ಜೊತೆ ಸಾಕ್ಷಿ ಹೇಳಿಕೆಗಳನ್ನೂ ಓದುತ್ತದೆ. ದೂರಿನಲ್ಲಿ ಇಲ್ಲದ ವಿವರ ಅಲ್ಲಿ ತುಂಬಿಕೊಂಡಿರಬಹುದು.

ಇಬ್ಬರೂ ರಾಜಿಯಾಗಿದ್ದೇವೆ. ಠಾಣೆಗೆ ಹೋಗಿ ದೂರು ವಾಪಸ್ ಪಡೆದರೆ ಆಗದೇ?

ಆಗುವುದಿಲ್ಲ. ಎಫ್‌ಐಆರ್ ದಾಖಲಾದ ಮೇಲೆ ಪ್ರಕರಣ ರಾಜ್ಯದ್ದು. ಕೆಲವು ಅಪರಾಧಗಳಲ್ಲಿ ರಾಜಿ ಮಾಡಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ; ಆ ಪಟ್ಟಿ ಹಳೆಯ ಸಂಹಿತೆಯ 320ನೇ, ಹೊಸದರ 359ನೇ ಸೆಕ್ಷನ್‌ನಲ್ಲಿದೆ. ಸಾಮಾನ್ಯ ಹಲ್ಲೆ, ಬೈಗುಳದಂಥವು ಅಲ್ಲಿ ಬರುತ್ತವೆ, ಮ್ಯಾಜಿಸ್ಟ್ರೇಟ್ ಮುಂದೆಯೇ ಮುಗಿಯುತ್ತವೆ. 498ಎ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಗಂಡಹೆಂಡತಿ ಕೈಕುಲುಕಿ ಬಂದರೂ ಕೆಳಗಿನ ನ್ಯಾಯಾಲಯ ಪ್ರಕರಣ ಮುಗಿಸಲಾರದು.

ಈ ಗಂಟನ್ನು ಸಡಿಲಿಸಿದ್ದು ಸುಪ್ರೀಂ ಕೋರ್ಟ್. ವೈವಾಹಿಕ ವ್ಯಾಜ್ಯದಲ್ಲಿ ರಾಜಿಯಾದರೆ ಹೈಕೋರ್ಟ್ ತನ್ನ ಅಂತರ್ಗತ ಅಧಿಕಾರದಿಂದ ಎಫ್‌ಐಆರ್ ರದ್ದು ಮಾಡಬಹುದೆಂದು 2003ರಲ್ಲಿ ಬಿ.ಎಸ್. ಜೋಶಿ ಪ್ರಕರಣದಲ್ಲಿ ಹೇಳಿತು. 2012ರಲ್ಲಿ ಗಿಯಾನ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದು, ರಾಜಿಯಾಗಬಲ್ಲ ಅಪರಾಧಗಳ ಪಟ್ಟಿ ಬೇರೆ, ಹೈಕೋರ್ಟಿನ ಅಧಿಕಾರ ಬೇರೆ ಎಂದು ವಿವರಿಸಿತು. ವ್ಯಾಜ್ಯ ಮೂಲತಃ ಇಬ್ಬರ ನಡುವಿನದು, ರಾಜಿಯಾದ ಮೇಲೆ ಶಿಕ್ಷೆಯಾಗುವ ಸಂಭವ ಕ್ಷೀಣ, ಮುಂದುವರಿಸಿದರೆ ಇಬ್ಬರಿಗೂ ಹಿಂಸೆ ಎಂದಾದಲ್ಲಿ ರದ್ದು ಮಾಡಬಹುದು.

ರಾಜಿಯ ಮೇಲೆ ರದ್ದತಿ ಹೇಗೆ ನಡೆಯುತ್ತದೆ?

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ನಾದಿನಿ ದಂಪತಿಯ ಮಟ್ಟಿಗೆ ಎಫ್‌ಐಆರ್ ರದ್ದಾಯಿತು. ಗಂಡ ಮತ್ತು ಅತ್ತೆಯ ವಿರುದ್ಧ ಪ್ರಕರಣ ಉಳಿಯಿತು. ಎರಡು ವರ್ಷದ ನಂತರ ಕೌಟುಂಬಿಕ ನ್ಯಾಯಾಲಯ ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿತು. ಅಲ್ಲಿ ಒಪ್ಪಂದವಾಯಿತು: ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಹೆಂಡತಿಗೆ ಶಾಶ್ವತ ಜೀವನಾಂಶವಾಗಿ 18 ಲಕ್ಷ ರೂಪಾಯಿ, ಒಡವೆಗಳ ವಾಪಸಾತಿ, ಎಫ್‌ಐಆರ್ ರದ್ದತಿಗೆ ಆಕೆಯ ಸಹಕಾರ.

ಹಣ ಮೂರು ಕಂತುಗಳಲ್ಲಿ. ವಿಚ್ಛೇದನದ ಅರ್ಜಿ ಸಲ್ಲಿಸುವಾಗ 6 ಲಕ್ಷ, ಕೌಟುಂಬಿಕ ನ್ಯಾಯಾಲಯದಲ್ಲಿ ಎರಡನೇ ಹೇಳಿಕೆ ದಾಖಲಾಗಿ ಡಿಕ್ರಿ ಆಗುವ ದಿನ 6 ಲಕ್ಷ, ಉಳಿದ 6 ಲಕ್ಷದ ಡಿ.ಡಿ. ಹೈಕೋರ್ಟಿನಲ್ಲಿ. ಈ ಕೊನೆಯ ಕಂತಿನ ಜಾಗವೇ ಇಡೀ ಒಪ್ಪಂದದ ಕೀಲಿಕೈ. ಪೂರ್ತಿ ಹಣ ಮೊದಲೇ ಕೊಟ್ಟರೆ ಗಂಡನಿಗೆ ಭಯ, ಹಣ ಬರುವ ಮೊದಲೇ ಎಫ್‌ಐಆರ್ ರದ್ದಾದರೆ ಹೆಂಡತಿಗೆ ಭಯ. ಎರಡು ಭಯಗಳೂ ಸಕಾರಣವಾದವು.

ಹೈಕೋರ್ಟಿನಲ್ಲಿ ಗಂಡ ಮತ್ತು ಅತ್ತೆ 528ನೇ ಸೆಕ್ಷನ್ ಅಡಿ ಅರ್ಜಿ ಹಾಕುತ್ತಾರೆ. ಎಫ್‌ಐಆರ್, ಚಾರ್ಜ್‌ಶೀಟ್, ಒಪ್ಪಂದದ ಪ್ರತಿ, ವಿಚ್ಛೇದನದ ಡಿಕ್ರಿ ಜೊತೆಗಿರುತ್ತವೆ. ಹೆಂಡತಿ ತನ್ನ ವಕೀಲರ ಮೂಲಕ ಹಾಜರಾಗಿ, ಇಬ್ಬರೂ ಸೇರಿ ರಾಜಿಯ ಅರ್ಜಿ ಮತ್ತು ಅಫಿಡವಿಟ್ ಸಲ್ಲಿಸುತ್ತಾರೆ. ಆ ದಿನ ಇಬ್ಬರೂ ಗುರುತಿನ ಚೀಟಿಯೊಂದಿಗೆ ಬಂದಿರಬೇಕು. ವಕೀಲರು ಅವರನ್ನು ಗುರುತಿಸುತ್ತಾರೆ. ನ್ಯಾಯಮೂರ್ತಿಗಳು ಹೆಂಡತಿಯನ್ನು ನೇರವಾಗಿ ಕೇಳುವುದುಂಟು: ಯಾರ ಒತ್ತಡವಾದರೂ ಇದೆಯೇ, ಹಣ ಬಂತೇ, ಬರೆದಿರುವುದು ಅರ್ಥವಾಗಿದೆಯೇ? ಸರ್ಕಾರಿ ವಕೀಲರಿಗೂ ಮಾತಾಡಲು ಅವಕಾಶವಿದೆ, ಆದರೆ ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ಗಂಭೀರ ವಿರೋಧ ಬರುವುದಿಲ್ಲ.

ಅಫಿಡವಿಟ್‌ನಲ್ಲಿ ‘ನಾನು ಸುಳ್ಳು ದೂರು ಕೊಟ್ಟಿದ್ದೆ’ ಎಂದು ಹೆಂಡತಿಯಿಂದ ಬರೆಸಬೇಕೇ?

ಬೇಡವೇ ಬೇಡ. ಗಂಡನ ಕಡೆಯವರು ಇದಕ್ಕೆ ಹಟ ಹಿಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾನ ಮರಳಿ ಬರುತ್ತದೆಂಬ ಆಸೆ. ಆಗುವುದು ಬೇರೆ. ಸುಳ್ಳು ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ 217ನೇ ಸೆಕ್ಷನ್‌ನಡಿ, ಹಾನಿ ಮಾಡಲೆಂದು ಸುಳ್ಳು ಪ್ರಕರಣ ಹೂಡುವುದು 248ನೇ ಸೆಕ್ಷನ್‌ನಡಿ ಅಪರಾಧ. ಹಾಗೆ ಬರೆದ ಹೆಂಗಸು ತನ್ನ ಕೈಯಾರೆ ತನ್ನ ವಿರುದ್ಧ ಹೇಳಿಕೆ ಕೊಟ್ಟಂತಾಗುತ್ತದೆ. ಅದನ್ನು ಓದಿದ ನ್ಯಾಯಮೂರ್ತಿಗೆ ಒತ್ತಡದ ಅನುಮಾನವೂ ಹುಟ್ಟುತ್ತದೆ, ಐದು ನಿಮಿಷದಲ್ಲಿ ಮುಗಿಯುವ ಕೆಲಸ ಎಳೆದಾಡುತ್ತದೆ.

‘ಹಿರಿಯರ ಮತ್ತು ಮಧ್ಯಸ್ಥರ ಸಮ್ಮುಖದಲ್ಲಿ ನಮ್ಮ ನಡುವಿನ ಭಿನ್ನಾಭಿಪ್ರಾಯ ಬಗೆಹರಿದಿದೆ, ಒಪ್ಪಂದದ ಹಣ ಸಂದಿದೆ, ಪ್ರಕರಣ ರದ್ದುಪಡಿಸಲು ನನ್ನ ಆಕ್ಷೇಪವಿಲ್ಲ’ ಎಂದರೆ ಸಾಕು. ರಾಜಿಯ ದಾರಿಗೆ ಸುಳ್ಳಿನ ಆಧಾರ ಬೇಕಿಲ್ಲ. ಒಂದು ದಾರಿಯ ವಾದವನ್ನು ಇನ್ನೊಂದರಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ವಿಚ್ಛೇದನ ಪಡೆದು, ಹಣವನ್ನೂ ಪಡೆದು ಹೆಂಡತಿ ರದ್ದತಿಗೆ ಬಾರದಿದ್ದರೆ?

ಒಪ್ಪಂದದ ಲಾಭವನ್ನೆಲ್ಲ ಪಡೆದ ಮೇಲೆ ದೂರನ್ನು ಮುಂದುವರಿಸುವುದು ಪ್ರಕ್ರಿಯೆಯ ದುರುಪಯೋಗ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಇಂಥ ಒಂದು ಪ್ರಕರಣವನ್ನು ರದ್ದು ಮಾಡಿದೆ. ಹಣ ಸಂದಿದ್ದಕ್ಕೆ ಬ್ಯಾಂಕಿನ ದಾಖಲೆಯಿದ್ದರೆ, ಒಪ್ಪಂದದಲ್ಲಿ ರದ್ದತಿಯ ಷರತ್ತು ಸ್ಪಷ್ಟವಾಗಿದ್ದರೆ ಆಕೆಯ ಒಪ್ಪಿಗೆಯಿಲ್ಲದೆಯೂ ಅರ್ಜಿ ಹಾಕಬಹುದು. ನಗದು ಕೊಟ್ಟು ಚೀಟಿಯಲ್ಲಿ ಸಹಿ ಹಾಕಿಸಿಕೊಂಡವರಿಗೆ ಈ ಬಲ ಸಿಗುವುದು ಕಷ್ಟ.

ತಿರುಗುಮುರುಗೂ ಕೇಳಬೇಕಾದ ಪ್ರಶ್ನೆ: ರದ್ದಾದ ಮೇಲೆ ಗಂಡ ಹಣ ಕೊಡದಿದ್ದರೆ? ಒಮ್ಮೆ ಸಹಿ ಬಿದ್ದ ಆದೇಶವನ್ನು ಬರವಣಿಗೆಯ ತಪ್ಪು ತಿದ್ದುವುದಕ್ಕಲ್ಲದೆ ಬದಲಿಸಲು ಕ್ರಿಮಿನಲ್ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಮುಂದಿನ ದಿನಾಂಕದ ಚೆಕ್‌ಗಳನ್ನು ನಂಬಿ ‘ಆಕ್ಷೇಪವಿಲ್ಲ’ ಎನ್ನಬೇಡಿ.

ಯಾವ ಪ್ರಕರಣವಾದರೂ ರಾಜಿಯ ಮೇಲೆ ರದ್ದಾಗುತ್ತದೆಯೇ?

ಇಲ್ಲ. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳು ಸಮಾಜದ ವಿರುದ್ಧದವು. ಅವುಗಳಲ್ಲಿ ಎರಡು ಕುಟುಂಬಗಳು ಒಪ್ಪಿದರೆ ಸಾಲದು ಎಂದು ಗಿಯಾನ್ ಸಿಂಗ್ ತೀರ್ಪೇ ಗೆರೆ ಎಳೆದಿದೆ. ಆತ್ಮಹತ್ಯೆಗೆ ಪ್ರಚೋದನೆಯ ಪ್ರಕರಣವನ್ನು ದೂರುದಾರರೊಂದಿಗಿನ ರಾಜಿಯ ಮೇಲೆ ರದ್ದು ಮಾಡಲಾಗದೆಂದು 2022ರಲ್ಲಿ ತೀರ್ಪಾಗಿದೆ. ವಿದ್ಯಾರ್ಥಿನಿಯ ಮೇಲೆ ಶಿಕ್ಷಕ ಲೈಂಗಿಕ ದೌರ್ಜನ್ಯ ಎಸಗಿದ ಆರೋಪವಿದ್ದ ಪ್ರಕರಣವನ್ನು ತಂದೆಯ ರಾಜಿಯ ಮೇಲೆ ರಾಜಸ್ಥಾನ ಹೈಕೋರ್ಟ್ ರದ್ದು ಮಾಡಿದ್ದಾಗ, ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ವ್ಯಾಜ್ಯ ನಿಜಕ್ಕೂ ಖಾಸಗಿ ಸ್ವರೂಪದ್ದು, ಜಾತಿಯ ಕಾರಣಕ್ಕೆ ನಡೆದದ್ದಲ್ಲ ಎಂದಾದರೆ ಮಾತ್ರ ಅವಕಾಶವಿದೆ ಎಂಬುದು 2021ರ ನಿಲುವು.

ಕೊಲೆ ಯತ್ನದಲ್ಲಿ ನ್ಯಾಯಾಲಯ ಸೆಕ್ಷನ್ ಸಂಖ್ಯೆಗೆ ಜೋತುಬೀಳದೆ ಗಾಯ ಎಂಥದ್ದು, ದೇಹದ ಯಾವ ಭಾಗಕ್ಕೆ, ಯಾವ ಆಯುಧದಿಂದ ಎಂದು ನೋಡುತ್ತದೆ. ವೈವಾಹಿಕ ಪ್ರಕರಣಕ್ಕೆ ಇದು ಏಕೆ ಮುಖ್ಯವೆಂದರೆ, ಕೆಲವು ದೂರುಗಳಲ್ಲಿ 498ಎ ಜೊತೆ ಕೊಲೆ ಯತ್ನವೂ ಸೇರಿರುತ್ತದೆ. ಕತ್ತು ಹಿಸುಕಿದನೆಂಬ ಒಂದು ಮಾತಿದ್ದು ವೈದ್ಯಕೀಯ ದಾಖಲೆಯಲ್ಲಿ ಏನೂ ಇಲ್ಲದಿದ್ದರೆ ರಾಜಿಗೆ ದಾರಿಯಿದೆ. ಹೊಟ್ಟೆಗೆ ಚಾಕು ಇರಿದ ಗಾಯವಿದ್ದರೆ ಇಲ್ಲ.

ರದ್ದಾದ ಮೇಲೆ ಏನು ಮಾಡಬೇಕು?

ಆದೇಶದ ದೃಢೀಕೃತ ಪ್ರತಿಗಳನ್ನು ಪಡೆದು, ಒಂದನ್ನು ವಿಚಾರಣಾ ನ್ಯಾಯಾಲಯಕ್ಕೆ, ಒಂದನ್ನು ಠಾಣೆಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಇದನ್ನು ಮರೆತವರಿಗೆ ಮುಗಿದುಹೋದ ಪ್ರಕರಣದಲ್ಲಿ ವಾರಂಟ್ ಹೊರಟದ್ದುಂಟು. ಜಾಮೀನಿಗೆ ಇಟ್ಟ ಠೇವಣಿ, ಒಪ್ಪಿಸಿದ ಪಾಸ್‌ಪೋರ್ಟ್ ಇದ್ದರೆ ವಿಚಾರಣಾ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ವಾಪಸ್ ಪಡೆಯಬೇಕು. ಲುಕ್‌ಔಟ್ ನೋಟಿಸ್ ಇದ್ದರೆ ಅದನ್ನು ಹಿಂಪಡೆಯುವಂತೆ ಠಾಣೆಗೆ ಲಿಖಿತವಾಗಿ ಕೇಳಿ. ನೌಕರಿಯ ಅರ್ಜಿಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ’ ಎಂದು ಕೇಳಿದ್ದರೆ ‘ಹೌದು, ಹೈಕೋರ್ಟ್ ರದ್ದುಪಡಿಸಿದೆ’ ಎಂದು ಬರೆದು ಪ್ರತಿ ಲಗತ್ತಿಸಿ. ಆಗ ಇಲ್ಲವೆಂದು ಬರೆದು ಸಿಕ್ಕಿಬಿದ್ದರೆ ಕೆಲಸ ಹೋಗುವುದು ಹಳೆಯ ಪ್ರಕರಣಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.